ರೊಕ್ಕ ಕಟ್ ಆಯ್ತು, ಚಾರ್ಜ್ ಮಾತ್ರ ಶುರು ಆಗ್ಲಿಲ್ಲ

ಶನಿವಾರ ಸಂಜೆ ಇಲ್ಲೇ ಪುಣೆಯ ಒಂದು ಮಾಲ್‌ನ ಬೇಸ್‌ಮೆಂಟಲ್ಲಿ ನೋಡಿದ್ದು ಇನ್ನೂ ತಲೆಯಿಂದ ಹೋಗ್ತಿಲ್ಲ, ಅದಕ್ಕೇ ಬರೀತಿದೀನಿ, ಸ್ವಲ್ಪ ಉದ್ದ ಆಗತ್ತೆ.

ಕೆಎ 22 ನಂಬರಿನ ಎಲೆಕ್ಟ್ರಿಕ್ ಗಾಡಿ. ಬೆಳಗಾವಿಯವರು ಅಂತ ಗೊತ್ತಾಗಿ ಮಾತಾಡ್ಸೋಣ ಅಂತ ಹೋದ್ರೆ ಪಾಪ ಆ ಕಾಕಾ ಬೆವರಿಳಿಸ್ಕೊಂಡು ಚಾರ್ಜರ್ ಮುಂದೆ ನಿಂತಿದಾರೆ, ಕಾಕು ಕಾರೊಳಗೆ ಬಾಗಿಲು ತೆಗೆದು ಕೂತಿದಾರೆ. "ಮೂರು ಸಲ ಮಾಡಿದ್ನಿರೀ, ರೊಕ್ಕ ಕಟ್ ಆತು, ಗಾಡಿ ಚಾರ್ಜ್ ಆಗವಲ್ದು" ಅಂದ್ರು. ಬ್ಯಾಟರಿ 14%. ಮಗಳ ಮನೆಗೆ ಬಂದವರು, ಮಗಳ ಸೊಸೈಟಿಯಲ್ಲಿ ಚಾರ್ಜ್ ಮಾಡೋಕೆ ಬಿಡಲ್ಲ, ಬೆಳಿಗ್ಗೆ ಊರಿಗೆ ಹೊರಡಬೇಕು.

ಫೋನ್ ತೋರಿಸಿದ್ರು. ಆ್ಯಪಲ್ಲಿ ಮೂರು ಸಲಾನೂ ಒಂದೇ ಸಾಲು: "Session failed to start". ಇಷ್ಟೇ. ಯಾಕೆ ಅಂತ ಒಂದು ಪದ ಇಲ್ಲ. ನಾನು ಅಲ್ಲೇ ನಿಂತು ಅವರು ಏನೇನು ಮಾಡಿದ್ರು ಅಂತ ಒಂದೊಂದಾಗಿ ಕೇಳಿದೆ. ಮೂರು ಸಲಕ್ಕೂ ಕಾರಣ ಬೇರೆ ಬೇರೆ ಇತ್ತು!

ಮೊದಲ ಸಲ ಅವರು ಕ್ಯೂಆರ್ ಸ್ಕ್ಯಾನ್ ಮಾಡಿ, 400 ರೂಪಾಯಿ ಆಯ್ಕೆ ಮಾಡಿ, ಸ್ಟಾರ್ಟ್ ಒತ್ತಿ, ಆಮೇಲೆ ಕೇಬಲ್ ತುದಿಯ ಗನ್ ತೆಗೆಯೋಕೆ ಹೋಗಿದಾರೆ. ಪೆಟ್ರೋಲ್ ಬಂಕಲ್ಲಿ ಮೊದಲು ದುಡ್ಡಿನ ಮಾತು, ಆಮೇಲೆ ನಳಿಕೆ, ಆ ಅಭ್ಯಾಸ. ಆದ್ರೆ ಚಾರ್ಜರಲ್ಲಿ ಒಂದು ಟೈಮರ್ ಇರತ್ತೆ, ಸ್ಟಾರ್ಟ್ ಒತ್ತಿದ ಮೇಲೆ ಇಷ್ಟು ಸೆಕೆಂಡೊಳಗೆ ಗನ್ ಗಾಡಿಗೆ ಸೇರಿಲ್ಲ ಅಂದ್ರೆ ಅದಾಗೇ ಕೈಬಿಡತ್ತೆ. ಆ ಡಿಸಿ ಕೇಬಲ್ ಎಷ್ಟು ಭಾರ ಅಂತ ಎತ್ತಿದವರಿಗೆ ಗೊತ್ತು, ಅರವತ್ತೈದು ದಾಟಿದವರು ಅದನ್ನ ಎಳ್ಕೊಂಡು ಬಂದು ಮುಚ್ಚಳ ತೆಗೆಯೋದ್ರೊಳಗೆ ಟೈಮ್ ಮುಗೀತು.

ಎರಡನೇ ಸಲ ಗನ್ ಹಾಕೇ ಸ್ಟಾರ್ಟ್ ಒತ್ತಿದಾರೆ, ಆದ್ರೆ ಗನ್ ಪೂರ್ತಿ ಕೂತಿರ್ಲಿಲ್ಲ. ಗನ್ನಿನ ಮೂತಿ ಹತ್ರದಿಂದ ನೋಡಿ, ಕೆಳಗಡೆ ಎರಡು ದಪ್ಪ ಪಿನ್ನು, ಕರೆಂಟ್ ಬರೋದು ಅದರಲ್ಲಿ. ಮೇಲ್ಗಡೆ ಎರಡು ಸಣ್ಣ ಪಿನ್ ಇವೆ, ಗಾಡಿ ಮತ್ತೆ ಚಾರ್ಜರ್ ಮಾತಾಡ್ಕೊಳೋದು ಅವುಗಳ ಮೂಲಕ. ಕೇಬಲ್ ಭಾರಕ್ಕೆ ಗನ್ ಕೆಳಕ್ಕೆ ಜೋತುಬಿದ್ರೆ ಮೇಲಿನ ಆ ಸಣ್ಣ ಪಿನ್ನುಗಳು ಸರಿಯಾಗಿ ತಾಗಲ್ಲ, ಲಾಕ್ ಬೀಳಲ್ಲ. ಲಾಕ್ ಬಿದ್ದು, ಮಾತುಕತೆ ಆಗಿ, ಎಲ್ಲೂ ಕರೆಂಟ್ ಸೋರ್ತಿಲ್ಲ ಅಂತ ಚೆಕ್ ಆದ ಮೇಲೇ ಗಾಡಿ ಕರೆಂಟ್ ಒಳಗೆ ಬಿಟ್ಕೊಳೋದು. ಇದು ಸರಿಯಾಗಿಲ್ಲ ಅಂತ ಕಂಡುಹಿಡಿಯೋದು ಸುಲಭ: ಗನ್ ಹಾಕಿದ ಕೂಡ್ಲೆ ಡ್ಯಾಶ್‌ಬೋರ್ಡಲ್ಲಿ ಪ್ಲಗ್ ಗುರುತು ಬರಬೇಕು, ಸ್ಟಾರ್ಟ್ ಆದಾಗ ಟಕ್ ಅಂತ ಲಾಕ್ ಸದ್ದು ಕೇಳಬೇಕು. ಕೇಳಿಲ್ವಾ, ದುಡ್ಡಿನ ತಕರಾರಲ್ಲ ಅದು, ಗನ್ನಿಂದು.

ಮೂರನೇ ಸಲದ್ದು ಕೇಳಿ ನನಗೆ ಮೈ ಉರೀತು. ಆ್ಯಪಿನ ವಾಲೆಟ್ಟಿಗೆ 1000 ಹಾಕಿದ್ರು. ಫೇಲ್ ಆದ ಎರಡು ಸಲಕ್ಕೂ 400, 400 ತಡೆದಿಟ್ಟಿದೆ. ಉಳಿದಿದ್ದು 200. ಮತ್ತೆ 400ಕ್ಕೆ ಒತ್ತಿದ್ರೆ ಎಲ್ಲಿಂದ ಶುರು ಆಗತ್ತೆ? ಈ ಸಲ ಗನ್ ಸರಿಯಾಗೇ ಹಾಕಿದ್ರೋ ಏನೋ, ದುಡ್ಡು ಸಾಲಲಿಲ್ಲ. ಆಗಲೂ ಅದೇ ಸಾಲು. ಟೈಮ್ ಮುಗೀತು, ಗನ್ ಕೂತಿಲ್ಲ, ಬ್ಯಾಲೆನ್ಸ್ ಇಲ್ಲ, ಮೂರೂ ಬೇರೆ ಬೇರೆ ಅಂತ ಆ ಸಿಸ್ಟಮ್ಮಿಗೆ ಗೊತ್ತಿರತ್ತೆ ರೀ, ಗೊತ್ತಿದ್ದೂ ಹೇಳಲ್ಲ. ಮನುಷ್ಯ ಗಾಡಿ ಕೆಟ್ಟಿದೆ ಅನ್ಕೋತಾನೆ, ಇಲ್ಲಾ ತನಗೇ ಬರಲ್ಲ ಅನ್ಕೋತಾನೆ. ಕಾಕಾ ಹಂಗೇ ಅಂದ್ರು, "ನಮಗ ಇದೆಲ್ಲಾ ತಿಳಿಯೂದಿಲ್ಲ ಬಿಡ್ರಿ". ತುಂಬಾ ಬೇಜಾರಾಯ್ತು.

ನನ್ನ ಹತ್ರ ಅದೇ ಕಂಪನಿಯ ಆರ್‌ಎಫ್‌ಐಡಿ ಕಾರ್ಡ್ ಇತ್ತು, ಚಾರ್ಜರಿಗೆ ತಾಗಿಸಿದ್ರೆ ನನ್ನ ವಾಲೆಟ್ಟಿಂದ ದುಡ್ಡು ಹೋಗೋದು. ಗನ್ ತೆಗೆದು ವಾಪಸ್ ಚಾರ್ಜರಿಗೆ ಸಿಗಿಸಿ, ಸ್ಕ್ರೀನಲ್ಲಿ "Available" ಅಂತ ಬರೋವರೆಗೆ ಒಂದು ನಿಮಿಷ ಕಾದ್ವಿ. ಆಮೇಲೆ ಗನ್ ಹಾಕಿ, ಹಿಡಿಕೆಯನ್ನ ಸ್ವಲ್ಪ ಮೇಲಕ್ಕೆ ಎತ್ತಿ ಒತ್ತಿ ಹಿಡಿದೆ, ಕಾರ್ಡ್ ತಾಗಿಸಿದೆ, ಬೀಪ್ ಅಂತು, ಟಕ್ ಅಂತು, ಅರ್ಧ ನಿಮಿಷದಲ್ಲಿ ಕಿಲೋವ್ಯಾಟ್ ಏರೋಕೆ ಶುರು. ಕಾಕು ಕೈ ಮುಗಿದ್ರು.

ಕಾರ್ಡಲ್ಲಿ ಏನೋ ವಿಶೇಷ ಇದೆ ಅಂತ ಕಾಕಾ ತಿಳ್ಕೊಂಡ್ರು, ಇವತ್ತು ಕೆಲಸ ಮಾಡಿದ್ದು ಎತ್ತಿ ಹಿಡಿದಿದ್ದು ಮತ್ತೆ ನನ್ನ ವಾಲೆಟ್ಟಲ್ಲಿ ದುಡ್ಡಿದ್ದಿದ್ದು ಅಂತ ಹೇಳ್ದೆ. ಕಾರ್ಡಿಗೆ ನಿಜವಾದ ಬೆಲೆ ಬರೋದು ನೆಟ್‌ವರ್ಕ್ ಇಲ್ಲದ ಕಡೆ. ಎಷ್ಟೋ ಜನಕ್ಕೆ ಗೊತ್ತಿಲ್ಲ, ಫೋನು ಪಕ್ಕದಲ್ಲೇ ಇರೋ ಚಾರ್ಜರ್ ಜೊತೆ ಮಾತಾಡೋದೇ ಇಲ್ಲ. ನೀವು ಸ್ಟಾರ್ಟ್ ಒತ್ತಿದ್ದು ಕಂಪನಿಯ ಸರ್ವರಿಗೆ ಹೋಗಿ, ಅಲ್ಲಿಂದ ಚಾರ್ಜರೊಳಗಿನ ಸಿಮ್ಮಿಗೆ ಬರಬೇಕು. ಎರಡು ಕಡೆ ಸಿಗ್ನಲ್ ಬೇಕು. ಕಾರ್ಡನ್ನ ಓದೋದು ಚಾರ್ಜರೇ, ಅದರ ನೆನಪಲ್ಲಿ ಕಾರ್ಡ್ ನಂಬರ್‌ಗಳ ಪಟ್ಟಿ ಇಟ್ಟಿದ್ರೆ ಸರ್ವರ್ ಸಿಗದಿದ್ರೂ ಬಿಡತ್ತೆ. ಸಾತಾರಾ ದಾಟಿ ಒಂದು ಧಾಬಾದಲ್ಲಿ ಆ್ಯಪು ಕೈಕೊಟ್ಟಾಗ ನಾನು ಹಂಗೇ ಚಾರ್ಜ್ ಮಾಡ್ಕೊಂಡಿದೀನಿ. ಆದ್ರೆ ಪಟ್ಟಿ ಇಡೋದು ಬಿಡೋದು ಕಂಪನಿ ಇಷ್ಟ, ಮತ್ತೆ ಒಂದು ಕಂಪನಿಯ ಕಾರ್ಡ್ ಇನ್ನೊಂದು ಕಂಪನಿಯ ಚಾರ್ಜರಿಗೆ ಸಾಮಾನ್ಯವಾಗಿ ನಡೆಯಲ್ಲ.

ಆ್ಯಪ್ ಬೇಕೇ ಬೇಕು, ಚಾರ್ಜರ್ ಎಲ್ಲಿದೆ, ಖಾಲಿ ಇದೆಯಾ, ಎಷ್ಟು ಯೂನಿಟ್ ಹೋಯ್ತು ನೋಡೋದು ಹೇಗೆ ಅಂತ ಕಾಮೆಂಟಲ್ಲಿ ಬರ್ತೀರಿ. ನೋಡೋಕೆ ಇಟ್ಕೊಳ್ಳಿ, ಬೇಡ ಅನ್ನಲಿಲ್ಲ. ದುಡ್ಡು ಕೊಡೋಕೆ ಅದೇ ದಾರಿ ಯಾಕಾಗಬೇಕು? ಎಷ್ಟು ಯೂನಿಟ್ ಆಗತ್ತೋ ಮೊದಲೇ ಗೊತ್ತಿಲ್ಲ, ಅದಕ್ಕೇ ವಾಲೆಟ್ ಅಂತಾರೆ. ಯುಪಿಐನಲ್ಲಿ ಮೊತ್ತ ಬ್ಲಾಕ್ ಮಾಡಿ ಆಮೇಲೆ ಕತ್ತರಿಸೋ ಸೌಲಭ್ಯ 2018ರಿಂದ ಇದೆ, ಐಪಿಒಗೆ ಹಾಕೋರೆಲ್ಲ ದಿನಾ ಬಳಸ್ತಾರೆ, ಷೇರು ಸಿಕ್ಕಷ್ಟಕ್ಕೆ ಮಾತ್ರ ದುಡ್ಡು ಹೋಗತ್ತೆ, ಮಿಕ್ಕಿದ್ದು ನಿಮ್ಮ ಬ್ಯಾಂಕಲ್ಲೇ ಇರತ್ತೆ. ಯುರೋಪಿಯನ್ ಒಕ್ಕೂಟದಲ್ಲಿ 2024ರ ಏಪ್ರಿಲ್ 13ರಿಂದ ಹೊಸದಾಗಿ ಹಾಕೋ 50 ಕಿಲೋವ್ಯಾಟ್ ಅಥವಾ ಅದಕ್ಕಿಂತ ಹೆಚ್ಚಿನ ಸಾರ್ವಜನಿಕ ಚಾರ್ಜರಲ್ಲಿ ಬ್ಯಾಂಕ್ ಕಾರ್ಡ್ ತಗೊಳ್ಳೇಬೇಕು ಅಂತ ಕಾನೂನೇ ಇದೆ. ನಮ್ಮಲ್ಲಿ ಯಾಕಾಗಲ್ಲ ಅಂತ ಯಾರಾದ್ರೂ ನನಗೆ ಹೇಳಿ.

ಹೇಳ್ಕೊಳೋಕೆ ಕಷ್ಟ ಆಗತ್ತೆ, ಹೋದ ವರ್ಷ ಅಪ್ಪಂಗೆ ಇವಿ ಕೊಡಿಸೋಣ ಅಂತ ಎಲ್ಲಾ ನೋಡಿದ್ದೆ. ಕೈಬಿಟ್ಟಿದ್ದು ಇದೇ ಕಾರಣಕ್ಕೆ. ಹಾಸನದ ದಾರೀಲಿ ಎಲ್ಲೋ ಅಪ್ಪ ಈ ಕಾಕಾ ತರ ನಿಂತಿರೋದು ಕಣ್ಮುಂದೆ ಬರ್ತಿತ್ತು.

ಕಾಕಾ ಗಾಡಿಗೆ 16 ಯೂನಿಟ್ ಹೋಯ್ತು. ಯೂನಿಟ್ಟಿಗೆ 20ರ ಲೆಕ್ಕ 320, ಅದರ ಮೇಲೆ 18% ಜಿಎಸ್‌ಟಿ 57.60, ಒಟ್ಟು 377.60. ಬೇಡ ಅಂದ್ರೂ ಕೇಳದೆ ರ‍್ಯಾಂಪ್ ಹತ್ತಿ ಮೇಲೆ ಸಿಗ್ನಲ್ ಚೆನ್ನಾಗಿ ಸಿಗೋ ಕಡೆ ಹೋಗಿ ಯುಪಿಐ ಮಾಡಿದ್ರು, ಪೈಸೆ ಸಮೇತ, ಹತ್ತು ಸೆಕೆಂಡಲ್ಲಿ ನನ್ನ ಫೋನಿಗೆ ಬಂತು.

ಇವತ್ತು ಮೆಸೇಜ್ ಮಾಡಿದಾರೆ. ತಡೆದಿಟ್ಟ 800 ವಾಪಸ್ ಬಂದಿದೆಯಂತೆ, ಬ್ಯಾಂಕಿಗಲ್ಲ, ವಾಲೆಟ್ಟಿಗೆ. ಆ ಕಂಪನಿಯ ಚಾರ್ಜರ್ ಅವರ ಮನೆ ಹತ್ರ ಎಲ್ಲೂ ಇಲ್ಲ. ಇನ್ನು ದೀಪಾವಳಿಗೇ ಪುಣೆಗೆ ಬರೋದಂತೆ, ಅಲ್ಲೀತನಕ ಅವರ 1000 ರೂಪಾಯಿ ಅಲ್ಲೇ.