ವಾಯುಭಾರ ಕುಸಿತವೂ ಭಾವನ ನಾಲ್ಕನೇ ಶನಿವಾರವೂ

ನಮ್ಮ ಭಾವ ಬ್ಯಾಂಕಿನಲ್ಲಿ ಕೆಲಸ ಮಾಡುವವರಾದ್ದರಿಂದ ನಮ್ಮ ಕುಟುಂಬದ ಎಲ್ಲ ಪ್ರವಾಸಗಳೂ ಎರಡನೇ ಅಥವಾ ನಾಲ್ಕನೇ ಶನಿವಾರಕ್ಕೇ ನಿಗದಿಯಾಗುತ್ತವೆ. ಮೈಸೂರಿನಿಂದ ಮಡಿಕೇರಿ, ಸಂಪಾಜೆ ಘಾಟಿಯ ಮೂಲಕ ಮಲ್ಪೆಗೆ ಹೋಗಿ, ಮಕ್ಕಳಿಗೆ ಸೇಂಟ್ ಮೇರೀಸ್ ದ್ವೀಪ ತೋರಿಸಿಕೊಂಡು ಬರುವ ಯೋಜನೆಯೂ ಹಾಗೆಯೇ 2025ರ ಮೇ 24ಕ್ಕೆ ಬಂದು ಕೂತಿತು. ಮುಂಗಾರು ಕೇರಳವನ್ನು ಮುಟ್ಟುವುದು ವಾಡಿಕೆಯಂತೆ ಜೂನ್ 1ಕ್ಕೆ. ಅಲ್ಲಿಂದ ಉಡುಪಿಗೆ ಬರಲು ಇನ್ನೂ ಕೆಲವು ದಿನ ಬೇಕು. ಆದ್ದರಿಂದ ಮೇ 24 ನಿರಾತಂಕ ಎಂಬುದು ಭಾವನವರ ಲೆಕ್ಕ. ಆ ವರ್ಷ ಮುಂಗಾರು ಮೇ 27ಕ್ಕೇ ಬರಬಹುದು, ಇದರಲ್ಲಿ ನಾಲ್ಕು ದಿನ ಹೆಚ್ಚುಕಡಿಮೆ ಆಗಬಹುದು ಎಂದು ಭಾರತೀಯ ಹವಾಮಾನ ಇಲಾಖೆ ಮೊದಲೇ ತಿಳಿಸಿತ್ತು. ಭಾವ 27 ಎಂಬುದನ್ನು ಇಟ್ಟುಕೊಂಡು ಉಳಿದದ್ದನ್ನು ಬಿಟ್ಟರು. ಸಾಲ ಕೇಳಲು ಬಂದವರಿಗೆಲ್ಲ ಸಣ್ಣಕ್ಷರದ ಷರತ್ತುಗಳನ್ನು ಬೆರಳಿಟ್ಟು ಓದಿಸುವ ಮನುಷ್ಯ ಇವರೇ ಎಂಬುದನ್ನು ಇಲ್ಲಿ ದಾಖಲಿಸುವುದು ನನ್ನ ಕರ್ತವ್ಯ.

ಹೊರಡುವ ವಾರ ಇಲಾಖೆಯ ಪ್ರಕಟಣೆಯಲ್ಲಿ ಹೊಸದೊಂದು ಸಾಲು ಕಾಣಿಸಿಕೊಂಡಿತು. ಕರ್ನಾಟಕ ಕರಾವಳಿಗೆ ಎದುರಾಗಿ ಪೂರ್ವ ಮಧ್ಯ ಅರಬ್ಬಿ ಸಮುದ್ರದ ಮೇಲೆ ಮೇಲ್ಮೈ ಸುಳಿಗಾಳಿ ಉಂಟಾಗಲಿದೆ, ಅದರಿಂದ ಮೇ 22ರ ಸುಮಾರಿಗೆ ವಾಯುಭಾರ ಕುಸಿತವಾಗಿ, ಅದು ಉತ್ತರಕ್ಕೆ ಸರಿಯುತ್ತ ಬಲಗೊಳ್ಳಬಹುದು ಎಂಬುದು ಅದರ ಸಾರ. ಇಷ್ಟು ಸಾಕಾಯಿತು, ಮರುದಿನ ಬೆಳಿಗ್ಗೆಯೇ ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ‘ಶಕ್ತಿ ಬರುತ್ತಿದೆ’ ಎಂಬ ಸಂದೇಶ ಹರಿದಾಡಿತು. ಉಚಿತ ಬಸ್ ಯೋಜನೆಯಲ್ಲೇ ರಾಜ್ಯದ ಅರ್ಧ ಭಾಗ ಸುತ್ತಿರುವ ದೊಡ್ಡಮ್ಮ, "ಅದು ಬಂದು ಎರಡು ವರ್ಷ ಆಯಿತಲ್ಲೋ" ಎಂದು ಉತ್ತರಿಸಿದರು. ಚಂಡಮಾರುತಕ್ಕೆ ಹೆಸರಿಡುವುದು ಅದರ ಗಾಳಿಯ ವೇಗ ಗಂಟೆಗೆ 62 ಕಿ.ಮೀ. ಮುಟ್ಟಿದ ಮೇಲೆ ಮಾತ್ರ. ಶಕ್ತಿ ಎಂಬುದು ಪಟ್ಟಿಯಲ್ಲಿ ಮುಂದೆ ಕಾದಿದ್ದ ಹೆಸರು, ಅಷ್ಟೇ. ಮಗು ಇನ್ನೂ ಹುಟ್ಟಿರಲಿಲ್ಲ, ನೆಂಟರು ಆಗಲೇ ನಾಮಕರಣದ ಊಟ ಮುಗಿಸಿದ್ದರು.

ಇದನ್ನು ನಾನು ಗುಂಪಿನಲ್ಲಿ ಬರೆದದ್ದರಿಂದ ಒಂದು ಅನಾಹುತವೇ ಆಯಿತು. ಚಂಡಮಾರುತ ಅಲ್ಲವಂತೆ, ಬರೀ ವಾಯುಭಾರ ಕುಸಿತವಂತೆ ಎಂದು ಎಲ್ಲರೂ ನೆಮ್ಮದಿಯಿಂದ ಬಟ್ಟೆ ತುಂಬತೊಡಗಿದರು. ಹೆಸರಿಗೂ ಮಳೆಗೂ ಸಂಬಂಧವಿಲ್ಲ. ಹೆಸರನ್ನು ನಿರ್ಧರಿಸುವುದು ಗಾಳಿ. ಹೆಸರೇ ಇಲ್ಲದ ಕುಸಿತವೊಂದು ನಿಧಾನವಾಗಿ ಕರಾವಳಿಯನ್ನು ಸವರಿಕೊಂಡು ಹೋದರೆ, ದೂರದಲ್ಲಿ ಹಾದುಹೋಗುವ ದೊಡ್ಡ ಚಂಡಮಾರುತಕ್ಕಿಂತ ಹೆಚ್ಚು ಮಳೆ ಸುರಿಸಬಲ್ಲದು. ಪ್ರವಾಸಕ್ಕೆ ಹೊರಟವರು ನೋಡಬೇಕಾದದ್ದು ಜಿಲ್ಲಾವಾರು ಮಳೆಯ ಎಚ್ಚರಿಕೆಯನ್ನು ಮತ್ತು ಮೀನುಗಾರರಿಗೆ ಕೊಡುವ ಎಚ್ಚರಿಕೆಯನ್ನು.

ಜಿಲ್ಲಾವಾರು ನಕ್ಷೆ ನೋಡುವುದರಲ್ಲಿಯೂ ನಮ್ಮ ಮನೆಯಲ್ಲಿ ಎರಡು ಪಂಥಗಳಾದವು. ಶುಕ್ರವಾರದ ಚೌಕದಲ್ಲಿ ಉಡುಪಿ ಕಿತ್ತಳೆ ಬಣ್ಣದಲ್ಲಿದ್ದರೆ ನಮಗೇನು, ನಾವು ತಲುಪುವುದು ಶನಿವಾರ ಬೆಳಿಗ್ಗೆಯಲ್ಲವೇ ಎಂದು ಭಾವ ಕೇಳಿದರು. ಆದರೆ ಇಲಾಖೆಯ ದಿನ ಮಧ್ಯರಾತ್ರಿಗೆ ಮುಗಿಯುವುದಿಲ್ಲ, ಬೆಳಿಗ್ಗೆ 8.30ಕ್ಕೆ ಆರಂಭವಾಗಿ ಮರುದಿನ ಬೆಳಿಗ್ಗೆ 8.30ರವರೆಗೆ ನಡೆಯುತ್ತದೆ. ರಾತ್ರಿ ಹೊರಟು ನಸುಕಿನಲ್ಲಿ ಸಂಪಾಜೆ ಘಾಟಿ ಇಳಿಯುವವರು ಇಲಾಖೆಯ ಪ್ರಕಾರ ಇನ್ನೂ ಶುಕ್ರವಾರದಲ್ಲೇ ಇರುತ್ತಾರೆ. ಘಾಟಿ ಇರುವುದು ಉಡುಪಿ ಜಿಲ್ಲೆಯಲ್ಲೂ ಅಲ್ಲ. ಆದ್ದರಿಂದ ತಲುಪುವ ಊರಿನ ಜೊತೆಗೆ ದಾರಿಯಲ್ಲಿರುವ ಕೊಡಗು ಮತ್ತು ದಕ್ಷಿಣ ಕನ್ನಡದ ಬಣ್ಣಗಳನ್ನೂ ನೋಡಬೇಕಾಗುತ್ತದೆ. ಅಲ್ಲದೆ ಬಣ್ಣ ಹೇಳುವುದು ಮಳೆಯ ಅಳತೆಯನ್ನಲ್ಲ, ನಾವು ಎಷ್ಟು ಸಿದ್ಧರಾಗಿರಬೇಕು ಎಂಬುದನ್ನು. ಅಳತೆ ಇರುವುದು ಪಕ್ಕದ ಮಾತಿನಲ್ಲಿ: ದಿನಕ್ಕೆ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.5 ದಾಟಿದರೆ ಅತಿ ಭಾರಿ, 204.4ನ್ನೂ ಮೀರಿದರೆ ಅತ್ಯಂತ ಭಾರಿ.

ಸ್ಥಳೀಯರನ್ನೇ ಕೇಳಿಬಿಡೋಣ ಎಂದು ವಸತಿಗೃಹದವರಿಗೆ ಫೋನ್ ಮಾಡಿದೆವು. "ಮಳೆ ಉಂಟು ಮಾರಾಯ್ರೆ, ಆದ್ರೆ ಹೆದರುವಂಥದ್ದೇನೂ ಇಲ್ಲ, ಇದೆಲ್ಲ ಇಲ್ಲಿ ಮಾಮೂಲಿ" ಎಂದರು. ಅವರು ಹೇಳಿದ್ದು ಸುಳ್ಳಲ್ಲ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಕಾಣುವ ಊರಿನವರ ಮಾಮೂಲಿಗೂ, ಅದರ ಕಾಲು ಭಾಗವೂ ಬೀಳದ ಮೈಸೂರಿನವರ ಮಾಮೂಲಿಗೂ ಅಂತರವಿದೆ. ಮಳೆ ಹೇಗಿದೆ ಎಂದು ಕೇಳುವುದನ್ನು ಬಿಟ್ಟು ನನ್ನ ಹೆಂಡತಿ, "ದ್ವೀಪಕ್ಕೆ ಬೋಟು ಬಿಡ್ತಾ ಇದ್ದಾರಾ?" ಎಂದು ಕೇಳಿದಳು. "ಬೋಟು ಇಲ್ಲ. ಕಡಲಿಗೆ ಇಳಿಯಲಿಕ್ಕೂ ಬಿಡುವುದಿಲ್ಲ" ಎಂಬ ಉತ್ತರ ತಕ್ಷಣ ಬಂತು. ಸಾರಾಂಶವಾಗಿ ಹೇಳುವುದಾದರೆ, ನಾವು ಘಾಟಿ ಇಳಿದು ಹೋಗಿ ಕೋಣೆಯ ಕಿಟಕಿಯಿಂದ ಮಳೆ ನೋಡಬಹುದಾಗಿತ್ತು, ಕಾಫಿಗೆ ಬೇರೆ ದುಡ್ಡು.

ಸೋಲೊಪ್ಪದ ಭಾವ ಹೊಸ ಪ್ರಸ್ತಾವವೊಂದನ್ನು ಮುಂದಿಟ್ಟರು. ಕುಸಿತ ಉತ್ತರಕ್ಕೆ ಹೋಗುತ್ತದೆ ಎಂದು ಇಲಾಖೆಯೇ ಹೇಳುತ್ತಿರುವಾಗ, ಅದು ಹೋದ ಮೇಲೆ, ಎರಡು ದಿನ ಬಿಟ್ಟು ಸೋಮವಾರ ಹೊರಡೋಣ, ರಜೆ ಹಾಕುತ್ತೇನೆ ಎಂದರು. ಭಾವ ರಜೆ ಹಾಕುವುದು ಅಪರೂಪವಾದ್ದರಿಂದ ಎಲ್ಲರೂ ಕರಗಿಹೋದರು. ಅಕ್ಟೋಬರ್ ಅಥವಾ ನವೆಂಬರ್ ಆಗಿದ್ದರೆ ಇದು ಒಳ್ಳೆಯ ಉಪಾಯವೇ ಸರಿ. ಆಗ ಕುಸಿತ ದಾಟಿಹೋದ ಮೇಲೆ ಆಕಾಶ ಸಾಮಾನ್ಯವಾಗಿ ತಿಳಿಯಾಗುತ್ತದೆ, ಅಲೆಗಳು ತಗ್ಗಲು ಒಂದೆರಡು ದಿನ ಕೊಟ್ಟರೆ ಸಾಕು. ಮೇ ಕೊನೆಯ ಕುಸಿತದ ಸ್ವಭಾವವೇ ಬೇರೆ. ಅದು ತೆಂಕಣ ಸಮುದ್ರದಿಂದ ತೇವದ ಗಾಳಿಯನ್ನು ಎಳೆದುಕೊಂಡು ಬರುತ್ತದೆ. ತಾನು ಹೋದರೂ ಬೆನ್ನ ಹಿಂದೆ ಮುಂಗಾರನ್ನು ಬಿಟ್ಟು ಹೋಗುವ ಸಂಭವವೇ ಹೆಚ್ಚು. ಎರಡು ದಿನ ಮುಂದೂಡಿದರೆ ತಪ್ಪಿಸಿಕೊಂಡಂತಾಗದು, ಇನ್ನೂ ಒಳಕ್ಕೆ ನಡೆದಂತಾದೀತು. ಆದ್ದರಿಂದ ಮುಂದೂಡುವುದಿದ್ದರೆ ತಿಂಗಳುಗಳ ಲೆಕ್ಕದಲ್ಲೇ ಮುಂದೂಡಬೇಕು ಎಂಬ ನನ್ನ ವಾದಕ್ಕೆ, ಮುಂಗಡ ಹಣ ಹಿಂದಿರುಗಿಸುವ ಗಡುವು ಅಂದು ಸಂಜೆಗೇ ಮುಗಿಯುತ್ತದೆ ಎಂಬ ಸಂಗತಿ ಹೆಚ್ಚಿನ ತೂಕ ತಂದುಕೊಟ್ಟಿತು.

ಮೇ 24ರಂದು ಆ ಕುಸಿತ ಚಂಡಮಾರುತವಾಗದೆ, ಹೆಸರಿಲ್ಲದೆಯೇ ರತ್ನಗಿರಿಯ ಬಳಿ ಕರಾವಳಿಯನ್ನು ದಾಟಿತು. ಅದೇ ದಿನ ಮುಂಗಾರು ಕೇರಳಕ್ಕೆ ಕಾಲಿಟ್ಟಿತು. 26ರ ಸೋಮವಾರದ ಹೊತ್ತಿಗೆ, ಅಂದರೆ ಭಾವನವರು ರಜೆ ಹಾಕಲಿದ್ದ ದಿನ, ಮುಂಬೈಯನ್ನೇ ಮುಟ್ಟಿತ್ತು. ಕೇರಳಕ್ಕೂ ಮುಂಬೈಗೂ ನಡುವೆ ಮಲ್ಪೆ ಇದೆ ಎಂಬುದನ್ನು ನಾನು ಬಾಯಿ ಬಿಟ್ಟು ಹೇಳಲಿಲ್ಲ, ಮಗಳು ಭೂಪಟ ತಂದು ತೋರಿಸಿದಳು.

ಹೊಸ ದಿನಾಂಕ ದಸರಾ ರಜೆಗೆ ನಿಶ್ಚಯವಾಯಿತು. ವಿಜಯದಶಮಿ ಅಕ್ಟೋಬರ್ 2ಕ್ಕೆ ಮುಗಿದು, ನಾವು ಚೀಲ ಕಟ್ಟಿ ಕೂತಿದ್ದಾಗ, 3ರಂದು ಅರಬ್ಬಿ ಸಮುದ್ರದಲ್ಲಿ ಚಂಡಮಾರುತವೊಂದು ಹುಟ್ಟಿತು. ಅದರ ಹೆಸರು ಶಕ್ತಿ. ಇಡೀ ವಾಟ್ಸ್ಆ್ಯಪ್ ಗುಂಪು ಕಂಗಾಲಾಯಿತು. ಮೇ ತಿಂಗಳಿನಿಂದ ನಮ್ಮನ್ನೇ ಹುಡುಕುತ್ತಿದೆ ಎಂದು ದೊಡ್ಡಮ್ಮ ನಿಂಬೆಹಣ್ಣು ನಿವಾಳಿಸಿದರು. ಈ ಬಾರಿ ಹೆಸರೂ ಇತ್ತು, ಗಾಳಿಯೂ ಇತ್ತು. ಆದರೆ ಅದು ಇದ್ದದ್ದು ಗುಜರಾತಿನಾಚೆ, ಮಲ್ಪೆಯಿಂದ ಸಾವಿರ ಕಿ.ಮೀ.ಗೂ ಹೆಚ್ಚು ದೂರದಲ್ಲಿ, ಹೋಗುತ್ತಿದ್ದದ್ದು ಇನ್ನೂ ಪಶ್ಚಿಮಕ್ಕೆ. ದೂರದ ಚಂಡಮಾರುತವೂ ದೊಡ್ಡ ಅಲೆಗಳನ್ನು ಕಳಿಸಬಲ್ಲದಾದ್ದರಿಂದ, ಹೈದರಾಬಾದಿನಲ್ಲಿರುವ ಸಾಗರ ಮಾಹಿತಿ ಕೇಂದ್ರ ಇನ್ಕಾಯಿಸ್‌ನ ಅಲೆಗಳ ಮುನ್ಸೂಚನೆಯನ್ನು ಉಡುಪಿ ತೀರಕ್ಕೆಂದೇ ನೋಡಿದೆವು. ಘಾಟಿಯ ಜಿಲ್ಲೆಗಳ ಬಣ್ಣ ನೋಡಿದೆವು. ನನ್ನ ಹೆಂಡತಿ ಮತ್ತೆ ಅದೇ ಬೋಟಿನ ಪ್ರಶ್ನೆಯನ್ನು ಕೇಳಿದಳು. ಬೋಟು ಇದೆ, ಮಧ್ಯಾಹ್ನದ ಮೇಲೆ ಗಾಳಿ ಏಳುತ್ತದೆ, ಬೆಳಿಗ್ಗೆಯೇ ಬನ್ನಿ ಎಂದರು. ಹೊರಡುವುದೆಂದು ತೀರ್ಮಾನವಾದ ಮೇಲೆ ಭಾವ ಫೋನ್ ಮಾಡಿ, ಅಂದು ಮೊದಲನೇ ಶನಿವಾರವಾದ್ದರಿಂದ ತಮಗೆ ರಜೆ ಇಲ್ಲ, ಮುಂದಿನ ವಾರಕ್ಕೆ ಹಾಕಿಕೊಳ್ಳಲಾಗುವುದೇ ಎಂದು ವಿಚಾರಿಸಿದರು.