ನೀಲಿ ಪಂಚೆಗೆ ನಾಲ್ಕು ನಕ್ಷತ್ರ

ಬಳ್ಳಾರಿಯ ಬಿಸಿಲಿಗೆ ಗೋಡೆಯ ಸುಣ್ಣವೂ ಮಾಸುತ್ತದೆ, ಗೂಗಲ್ ಮ್ಯಾಪ್ಸ್‌ನಲ್ಲಿ ಬರೆದ ಬೈಗುಳ ಮಾತ್ರ ಮಾಸುವುದಿಲ್ಲ. ಇಲ್ಲಿನ ಜೀನ್ಸ್ ಅಂಗಡಿಯೊಂದರ ಪುಟ ತೆರೆದರೆ ನಿವೃತ್ತ ಮೇಷ್ಟ್ರೊಬ್ಬರು ಮೊನ್ನೆಮೊನ್ನೆಯವರೆಗೂ ಆರ್ಭಟಿಸುತ್ತಿದ್ದರು: “ಪ್ಯಾಂಟಿನ ಜೊತೆ ನೆನೆಸಿದ ಬಿಳಿ ಪಂಚೆ ನೀಲಿಯಾಯಿತು. ಮೋಸ! ಯಾರೂ ಹೋಗಬೇಡಿ!” ಒಂದು ನಕ್ಷತ್ರ.

ಮಾಲೀಕರು ಅದನ್ನು ಓದಿ ಕ್ಷಮೆ ಕೇಳಿದರು. ಬಟ್ಟೆ ತೊಳೆಯುವ ಘಟಕದವರೊಂದಿಗೆ ಜಗಳವಾಡಿ ಇನ್ನೊಂದು ಸಲ ಜಾಲಿಸುವಂತೆ ಮಾಡಿದರು. ಇಂಡಿಗೊ ನೂಲಿನ ಒಳಗೆ ಪೂರ್ತಿ ಇಳಿಯದೆ ಮೇಲ್ಮೈಯಲ್ಲೇ ಕೂರುವ ಬಣ್ಣ. ಅಷ್ಟಿಷ್ಟು ಬಿಡುವುದು ಅದರ ಸ್ವಭಾವ, ಪಂಚೆಗೆ ಅಭಿಷೇಕ ಮಾಡುವಷ್ಟು ಬಿಡುವುದು ತೊಳೆದವರ ಸೋಮಾರಿತನ. ಈಗ ಗಿರಾಕಿಯ ಎದುರೇ ಒದ್ದೆ ಬಿಳಿ ಬಟ್ಟೆಯಿಂದ ಪ್ಯಾಂಟಿನ ತೊಡೆಯ ಭಾಗವನ್ನು ಹತ್ತು ಸಲ ಉಜ್ಜಿ ತೋರಿಸುತ್ತಾರೆ.

ಮೇಷ್ಟ್ರೂ ಅದನ್ನು ನೋಡಿ, ಮೆಚ್ಚಿ, ಮೊಮ್ಮಗನಿಗೆ ಪ್ಯಾಂಟು ಕೊಂಡರು. “ಮೇಷ್ಟ್ರೇ, ಆ ಬರಹವನ್ನು ಸ್ವಲ್ಪ ತಿದ್ದಬಹುದಲ್ಲವೇ?” ಎಂದರೆ, ಮಸ್ಕಿಯ ಬಂಡೆಯ ಮೇಲಿನ ಅಶೋಕನ ಶಾಸನವನ್ನೇ ತಿದ್ದಲು ಹೇಳಿದಂತೆ ನೋಡಿದರು. ಅಶೋಕನಿಗೆ ಆ ಸೌಕರ್ಯವಿರಲಿಲ್ಲ. ಮೇಷ್ಟ್ರಿಗಾದರೋ ಅವರದೇ ವಿಮರ್ಶೆಯ ಪಕ್ಕದ ಮೂರು ಚುಕ್ಕೆ ಒತ್ತಿದರೆ ಸಾಕಿತ್ತು.

ಇನ್ನೊಬ್ಬ ಮಹಾಶಯ ಮಾತ್ರ ಬಲು ಬೇಗ ಕರಗಿದ. ಬೆಲ್ಟೊಂದು ಉಚಿತವಾಗಿ ಸಿಕ್ಕಿದ್ದೇ ತಡ, ತನ್ನ ದೂರನ್ನು ಅಳಿಸಿ “ಸೂಪರ್ ಅಂಗಡಿ” ಎಂದು ಬರೆದು ಐದು ನಕ್ಷತ್ರ ಚೆಲ್ಲಿದ. ಹಳೆಯ ಮಾತು ಹೋಯಿತು, ತಿದ್ದಿದ ಗುರುತು ಉಳಿಯಿತು. ಕೆಳಗೆ ಮಾಲೀಕರ ಹಳೆಯ ಉತ್ತರವೂ ಹಾಗೆಯೇ ನೇತಾಡುತ್ತಿದೆ: “ನಿಮಗಾದ ತೊಂದರೆಗೆ ಕ್ಷಮಿಸಿ.” ಸೂಪರ್ ಎಂದವನಿಗೆ ಕ್ಷಮೆ ಏಕೆ? ಓದಿದವರ ಮೂಗಿಗೆ ಬೆಲ್ಟಿನ ಚರ್ಮದ ವಾಸನೆ ಬಡಿಯದೇ ಇರುತ್ತದೆಯೇ? ರಿಯಾಯಿತಿ, ಉಡುಗೊರೆ ಕೊಟ್ಟು ವಿಮರ್ಶೆ ತಿದ್ದಿಸುವುದು ಗೂಗಲ್‌ನ ನಿಯಮಕ್ಕೂ ವಿರುದ್ಧ. ಮಾಲೀಕರು ತೊಳೆತ ಸರಿಪಡಿಸಿ ಗಳಿಸಿದ್ದನ್ನು ಬೆಲ್ಟು ಕೊಟ್ಟು ಕಳೆದುಕೊಂಡರು.

ಕೊನೆಗೆ ಮೊಮ್ಮಗನ ಒತ್ತಾಯಕ್ಕೆ ಮೇಷ್ಟ್ರು ಮಣಿದರು. ಪಂಚೆಯ ಕಥೆಯನ್ನು ಅಳಿಸಲಿಲ್ಲ, ತಿಂಗಳು ಸಮೇತ ಉಳಿಸಿಕೊಂಡರು. “ಮೋಸ” ಎಂಬ ಪದವನ್ನು ತೆಗೆದರು, ಏಕೆಂದರೆ ಬಣ್ಣ ಬಿಟ್ಟಿದ್ದನ್ನು ಅವರು ಕಣ್ಣಾರೆ ಕಂಡಿದ್ದರೇ ಹೊರತು ಅಂಗಡಿಯವರ ಮನಸ್ಸನ್ನಲ್ಲ. ಕೆಳಗೆ ಹೊಸ ತಿಂಗಳು ಹಾಕಿ ಬರೆದರು: “ಈ ಸಲ ಕೊಂಡ ಪ್ಯಾಂಟನ್ನು ಉಜ್ಜಿ ನೋಡಿದೆ, ಬಟ್ಟೆಗೆ ತುಸುವೇ ನೀಲಿ ಹತ್ತಿತು. ಮೂರು ಒಗೆತವಾಯಿತು, ನೀರು ತಿಳಿಯಾಗಿದೆ. ಕಪ್ಪು ಪ್ಯಾಂಟು ಕೊಂಡಿಲ್ಲ, ಅದರ ಬಗ್ಗೆ ಹೇಳಲಾರೆ. ತಿದ್ದುವುದಕ್ಕೆ ಅಂಗಡಿಯಿಂದ ಏನನ್ನೂ ಪಡೆದಿಲ್ಲ.”

ಅದನ್ನು ಓದಿದ ಗಿರಾಕಿಗಳು ಈಗ ಅಂಗಡಿಗೆ ಬಂದು ಕಪ್ಪು ಪ್ಯಾಂಟನ್ನೂ ಉಜ್ಜಿಸಿ ನೋಡುತ್ತಾರೆ. ಮಾಲೀಕರಿಗೆ ಇನ್ನೂ ಒಂದು ಕೊರಗು ಉಳಿದಿದೆ: ಎಲ್ಲ ಸರಿಹೋದ ಮೇಲೂ ನಾಲ್ಕೇ ನಕ್ಷತ್ರ ಏಕೆ?

“ಪಂಚೆಯ ದುಡ್ಡು?” ಎಂದರು ಮೇಷ್ಟ್ರು.