ಸ್ಪಷ್ಟನೆ: ಮಂಚದಿಂದ ಬಿದ್ದ ಮಗುವಿನ ತಲೆಯ ಬುಗುಟೆ

"ಮಗು ಮಂಚದಿಂದ ಬಿದ್ದು ಬುಗುಟೆ ಎದ್ದರೆ ಪೆಟ್ಟು ಹೊರಗೆ ಬಂದಂತೆ, ಆಸ್ಪತ್ರೆ ಬೇಡ."

ಹಾಸನದ ನಮ್ಮ ಬಡಾವಣೆಯ ಗುಂಪಿಗೆ ಇದನ್ನು ಕಳುಹಿಸಿದವನು ನಾನೇ, ಇದು ತಪ್ಪು. ಹಣೆಯ ಮೇಲಿನ ಸಣ್ಣ, ಗಟ್ಟಿ ಬುಗುಟೆ ಸಾಮಾನ್ಯವಾಗಿ ಚರ್ಮದಡಿಯ ರಕ್ತಸ್ರಾವವಷ್ಟೇ. ಆದರೆ ವರ್ಷದೊಳಗಿನ ಮಗುವಿನ ಕಿವಿಯ ಮೇಲ್ಭಾಗದಲ್ಲೋ ಹಿಂದಲೆಯಲ್ಲೋ, ಮೆಲ್ಲನೆ ಮುಟ್ಟಿದಾಗ ನೀರು ತುಂಬಿದ ಚೀಲದಂತೆ ಮೆತ್ತಗಿರುವ ಊತ ಕಂಡರೆ, ಅದರಡಿ ತಲೆಬುರುಡೆ ಬಿರುಕು ಬಿಟ್ಟಿರಬಹುದು. ಏಳು ತಿಂಗಳ ಮಗು ಸಂಜೆ ಬಿದ್ದು, ಅತ್ತು ಸುಮ್ಮನಾಗಿ, ಹಾಲು ಕುಡಿದು ಮಲಗಿದರೂ, ಈ ಊತ ಮರುದಿನ ತಲೆಗೆ ನೀರು ಹಾಕುವಾಗಷ್ಟೇ ಕೈಗೆ ಸಿಗುವುದುಂಟು. ಆಗಲೂ ಅಂದೇ ವೈದ್ಯರಿಗೆ ತೋರಿಸಬೇಕು. ಮೂರು ತಿಂಗಳೊಳಗಿನ ಕೂಸು ಬಿದ್ದರಂತೂ ಊತಕ್ಕೆ ಕಾಯಬಾರದು.

ಪ್ರಜ್ಞೆ ತಪ್ಪುವುದು, ಮತ್ತೆಮತ್ತೆ ವಾಂತಿ, ಫಿಟ್ಸ್, ಎಬ್ಬಿಸಿದರೂ ಏಳದ ಮಂಪರು, ಅಳದಿರುವಾಗಲೂ ಉಬ್ಬಿದ ನೆತ್ತಿ, ಮೂಗು ಅಥವಾ ಕಿವಿಯಿಂದ ತಿಳಿನೀರು, ಇವುಗಳಲ್ಲಿ ಒಂದಿದ್ದರೂ ತಕ್ಷಣ 108ಕ್ಕೆ ಕರೆ ಮಾಡಿ. ಹಳೆಯ ಸಂದೇಶವನ್ನು ದಯವಿಟ್ಟು ಮುಂದಕ್ಕೆ ಕಳುಹಿಸಬೇಡಿ.